ಖೋ ಖೋ ಫೈನಲ್‌ಗೆ ವೀಕ್ಷಕ ವಿವರಣೆ: ಬರೆದಿಟ್ಟುಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು

ಪ್ರಶ್ನೆ: ಸರ್, ನಮ್ಮ ಶಾಲೆಯಲ್ಲಿ ಪ್ರೌಢಶಾಲಾ ಬಾಲಕಿಯರ ಖೋ ಖೋ ಪಂದ್ಯಾವಳಿ ನಡೆಯಲಿದೆ. ಫೈನಲ್‌ಗೆ ಮೈಕಿನಲ್ಲಿ ವಿವರಣೆ ಕೊಡುವ ಕೆಲಸ ನನ್ನದು. ಹೋದ ಸಲ ಎರಡು ಪುಟ ಬರೆದುಕೊಂಡು ಹೋಗಿದ್ದೆ, ಆದರೆ ನಾನು ಒಂದು ವಾಕ್ಯ ಓದುವಷ್ಟರಲ್ಲಿ ಆಟ ಎಲ್ಲೋ ಹೋಗಿರುತ್ತಿತ್ತು. ಪಂದ್ಯ ಸಮಬಲದಲ್ಲಿ ನಡೆದರೆ ಹೇಗೆ ಹೇಳಬೇಕು? ಒಂದು ಮಾದರಿ ಬರೆದು ಕೊಡುವಿರಾ?

ಉತ್ತರ: ನಿಮ್ಮ ಎರಡು ಪುಟ ಸೋತದ್ದಕ್ಕೆ ಕಾರಣ ನಿಮ್ಮ ಓದಿನ ವೇಗವಲ್ಲ. ಎಂಟು ಹತ್ತು ಪದಗಳ ಒಂದು ಕನ್ನಡ ವಾಕ್ಯವನ್ನು ಸ್ಪಷ್ಟವಾಗಿ ಹೇಳಲು ನಾಲ್ಕು ಸೆಕೆಂಡು ಬೇಕು. ಚೆನ್ನಾಗಿ ಆಡುವ ತಂಡ ಅಷ್ಟರಲ್ಲಿ ಎರಡು ಮೂರು ಖೋ ಕೊಟ್ಟು ಮುಗಿಸಿರುತ್ತದೆ. ಅದರ ಜೊತೆಗೆ ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ನೀಲಿ ತಂಡದ ಮೂರನೇ ಸಂಖ್ಯೆಯ ಆಟಗಾರ್ತಿಯು ಕೆಂಪು ತಂಡದ ಏಳನೇ ಸಂಖ್ಯೆಯ ಓಟಗಾರ್ತಿಯನ್ನು ಕಂಬದ ಬಳಿ...’ ಎಂದು ಶುರು ಮಾಡಿದರೆ, ‘ಮುಟ್ಟಿದರು’ ಎಂಬ ಮಾತು ಬರುವ ಹೊತ್ತಿಗೆ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಮುಗಿಸಿರುತ್ತಾರೆ. ಆದ್ದರಿಂದ ಸುದ್ದಿ ಮೊದಲು ಬರಬೇಕು, ವಿವರ ಅದರ ಹಿಂದೆ ಬರಬೇಕು. ‘ಔಟ್! ಕೆಂಪು ಏಳು ಔಟ್. ಮುಟ್ಟಿದವರು ನೀಲಿ ಮೂರು, ಗೇಟಿನ ಕಂಬದ ಬಳಿ’ ಎಂದು ತುಂಡು ತುಂಡಾಗಿ ಹೇಳಿದರೆ ಮೈಕಿನಲ್ಲಿ ಅದೇ ಸರಿಯಾದ ಕನ್ನಡ.

ನಾನು ಹಲವು ವರ್ಷ ದೈಹಿಕ ಶಿಕ್ಷಕನಾಗಿದ್ದವನು, ಮೈಕಿನ ಮುಂದೆಯೂ ಕುಳಿತವನು. ಆ ಅನುಭವದಿಂದ ಹೇಳುವುದಾದರೆ, ಖೋ ಖೋಗೆ ಓಟದ ವಿವರಣೆಯನ್ನು ಮೊದಲೇ ಬರೆದಿಟ್ಟುಕೊಳ್ಳಲು ಆಗುವುದಿಲ್ಲ, ಬರೆಯಲೂಬಾರದು. ಬರೆದಿಟ್ಟುಕೊಳ್ಳಬೇಕಾದದ್ದು ಲೆಕ್ಕವನ್ನು. ಎಷ್ಟು ಅಂಕ ಬೇಕು, ಎಷ್ಟು ಸಮಯ ಉಳಿದಿದೆ, ಅಂಕಣದಲ್ಲಿ ಈಗ ಯಾವ ಓಟಗಾರ್ತಿಯರಿದ್ದಾರೆ ಎಂಬ ಮೂರು ಸಂಗತಿಗಳನ್ನು ನೆಲದ ಮೇಲೆ ಕುಳಿತ ಪ್ರೇಕ್ಷಕರು ತಾವಾಗಿ ತಿಳಿಯಲಾರರು. ಓಟವನ್ನು ಅವರು ಕಣ್ಣಾರೆ ನೋಡುತ್ತಿರುತ್ತಾರೆ. ಅವರಿಗೆ ಕಾಣದ್ದನ್ನು ಹೇಳುವುದು ನಿಮ್ಮ ಕೆಲಸ.

ಮಾದರಿಗೆ ಹೋಗುವ ಮುನ್ನ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು, ಏಕೆಂದರೆ ಇವೆರಡೂ ಪಂದ್ಯದ ಫಲಿತಾಂಶವನ್ನೇ ಬದಲಿಸಬಲ್ಲವು.

ಮೊದಲನೆಯದು, ಆಟ ನಡೆಯುತ್ತಿರುವಾಗ ಮೈಕಿನಲ್ಲಿ ‘ಖೋ’ ಎಂಬ ಪದವನ್ನು ಕೂಗಬಾರದು. ಕುಳಿತಿರುವ ಎಂಟು ಆಟಗಾರ್ತಿಯರು ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿರುತ್ತಾರೆ, ಖೋ ಸಿಗುವುದು ಬೆನ್ನ ಹಿಂದಿನಿಂದ. ಅವರ ಕಿವಿ ಆ ಒಂದು ಶಬ್ದಕ್ಕೇ ಕಾದಿರುತ್ತದೆ. ಧ್ವನಿವರ್ಧಕದಿಂದ ಉತ್ಸಾಹದ ‘ಖೋ!’ ಬಂದರೆ ಒಬ್ಬಳು ಅರ್ಧ ಎದ್ದುಬಿಡುತ್ತಾಳೆ. ಖೋ ಸಿಗದೆ ಎದ್ದರೆ ಅದು ಫೌಲ್. ಆ ಹುಡುಗಿಯ ತಪ್ಪು ಅದರಲ್ಲಿ ಏನೂ ಇರುವುದಿಲ್ಲ. ಖೋ ಬದಲಾದದ್ದನ್ನು ಹೇಳಲೇಬೇಕಾದರೆ ‘ಈಗ ನೀಲಿ ಐದು ಓಟದಲ್ಲಿ’ ಎಂದರೆ ಸಾಕು. ಇದೇ ಕಾರಣಕ್ಕೆ ಧ್ವನಿವರ್ಧಕದ ಬಾಯಿ ಅಂಕಣದ ಕಡೆಗಿರದೆ ಪ್ರೇಕ್ಷಕರ ಕಡೆಗೆ ತಿರುಗಿರಬೇಕು. ‘ಹಿಂದೆ ನೋಡಿ’, ‘ಎಡಕ್ಕಿದ್ದಾಳೆ’ ಎಂಬಂಥ ಮಾತುಗಳೂ ಬೇಡ, ಅವು ವಿವರಣೆಯ ವೇಷದಲ್ಲಿ ಒಂದು ತಂಡಕ್ಕೆ ಕೊಟ್ಟ ಸೂಚನೆಯಾಗುತ್ತವೆ.

ಎರಡನೆಯದು, ಅಂಪೈರ್ ಸೀಟಿ ಊದಿ ಕೈಯೆತ್ತುವವರೆಗೆ ‘ಔಟ್’ ಎನ್ನಬಾರದು. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಪಂದ್ಯದಲ್ಲಿ ಬೆನ್ನಟ್ಟುತ್ತಿದ್ದವಳ ಕೈ ಓಟಗಾರ್ತಿಯ ಬೆನ್ನಿಗೆ ತಾಗಿದ್ದು ನನಗೆ ಸ್ಪಷ್ಟವಾಗಿ ಕಂಡಿತು, ‘ಔಟ್’ ಎಂದುಬಿಟ್ಟೆ. ಆ ಹುಡುಗಿ ನನ್ನ ಧ್ವನಿ ಕೇಳಿ ಓಟ ನಿಲ್ಲಿಸಿದಳು. ಆದರೆ ಅಂಪೈರ್ ಊದಿದ್ದು ಫೌಲ್ ಸೀಟಿ, ಮುಟ್ಟುವ ಮೊದಲೇ ಬೆನ್ನಟ್ಟುವವಳ ಪಾದ ಮಧ್ಯ ಪಟ್ಟಿಯನ್ನು ದಾಟಿತ್ತು. ನಿಂತ ಹುಡುಗಿಯನ್ನು ಮುಂದಿನ ಆಟಗಾರ್ತಿ ಸುಲಭವಾಗಿ ಮುಟ್ಟಿದಳು, ಆ ಔಟ್ ನಿಯಮಬದ್ಧವಾಗಿತ್ತು. ಆ ತಂಡದ ತರಬೇತುದಾರರ ದೂರಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮುಟ್ಟಿದಂತೆ ಕಂಡ ಪ್ರತಿ ಸಲವೂ ‘ಕೈ ಚಾಚಿದರು...’ ಎಂದಷ್ಟೇ ಹೇಳಿ ಅಂಪೈರ್ ಕಡೆ ನೋಡುತ್ತೇನೆ. ಆ ಒಂದು ಕ್ಷಣದ ಮೌನ ಪಂದ್ಯದ ಬಿಸಿಯನ್ನು ಕಡಿಮೆ ಮಾಡುವುದಿಲ್ಲ, ಪ್ರೇಕ್ಷಕರೂ ನಿಮ್ಮ ಜೊತೆಗೇ ಉಸಿರು ಹಿಡಿದಿರುತ್ತಾರೆ.

ಇನ್ನು ಸಿದ್ಧತೆ. ಓಡುವ ತಂಡ ತನ್ನ ಆಟಗಾರ್ತಿಯರು ಇಳಿಯುವ ಕ್ರಮವನ್ನು ಸರದಿಗೆ ಮುನ್ನ ಸ್ಕೋರರ್ ಬಳಿ ಬರೆಸಿರುತ್ತದೆ. ಆ ಕ್ರಮವನ್ನು ನಕಲು ಮಾಡಿಕೊಂಡು, ಮೂವರ ಬ್ಯಾಚ್‌ಗೆ ಒಂದರಂತೆ ಮೂರು ಚೀಟಿಗಳಲ್ಲಿ ಅಂಗಿಯ ಸಂಖ್ಯೆಯನ್ನೂ ಹೆಸರನ್ನೂ ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ. ನೀವು ಕೂರುವ ಜಾಗ ಅಂಕಣದ ಉದ್ದನೆಯ ಬದಿಯ ನಡುವೆ ಇರಲಿ, ಸ್ವಲ್ಪ ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು. ಕಂಬದ ಹಿಂದೆ ಕುಳಿತರೆ ಎಂಟೂ ಜನ ಒಂದರ ಹಿಂದೊಂದು ಮರೆಯಾಗಿ ಯಾರು ಎದ್ದರೆಂಬುದೇ ತಿಳಿಯದು. ಎಡ, ಬಲ ಎಂಬ ಮಾತು ಎದುರು ಬದಿಯ ಪ್ರೇಕ್ಷಕರಿಗೆ ತಿರುವುಮುರುವಾಗುವುದರಿಂದ, ಎರಡು ಕಂಬಗಳಿಗೂ ಮೊದಲೇ ಹೆಸರಿಡಿ: ಗೇಟಿನ ಕಂಬ, ಕಟ್ಟಡದ ಕಂಬ. ನಿಮ್ಮ ಪಕ್ಕದಲ್ಲಿ ಗಡಿಯಾರ ಹಿಡಿದ ಒಬ್ಬ ವಿದ್ಯಾರ್ಥಿ ಬೇಕೇ ಬೇಕು. ಪ್ರತಿ ಔಟ್ ಆದಾಗಲೂ ಆತ ಒಟ್ಟು ಅಂಕ, ಬೇಕಾದ ಅಂಕ, ಉಳಿದ ಸಮಯ ಬರೆದು ನಿಮ್ಮ ಮುಂದೆ ತಳ್ಳಬೇಕು. ಕಣ್ಣನ್ನು ಅಂಕಣದಿಂದ ತೆಗೆದು ನೀವೇ ಲೆಕ್ಕ ಹಾಕಲು ಹೋದರೆ ಎರಡೂ ಕೆಡುತ್ತವೆ.

ಪಂದ್ಯದಲ್ಲಿ ಎರಡು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಎರಡೂ ತಂಡಗಳಿಗೆ ಒಂದೊಂದು ಬೆನ್ನಟ್ಟುವ ಸರದಿ. ಸರದಿಗೆ 9 ನಿಮಿಷ. ಚಿಕ್ಕ ವಯಸ್ಸಿನವರ ವಿಭಾಗದಲ್ಲಿ ಅದು 7 ನಿಮಿಷಕ್ಕೆ ಇಳಿಯುವುದುಂಟು, ಆದ್ದರಿಂದ ನಿಮ್ಮ ಪಂದ್ಯದ ಅವಧಿಯನ್ನು ರೆಫರಿಯಿಂದ ಕೇಳಿ ಖಚಿತಪಡಿಸಿಕೊಳ್ಳಿ. ಅಂಕದ ಬಗ್ಗೆಯೂ ಪ್ರೇಕ್ಷಕರಿಗೆ ಆರಂಭದಲ್ಲೇ ಒಂದು ಮಾತು ಹೇಳಿಬಿಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿರುತ್ತಾರೆ. ಅಲ್ಲಿ ಒಂದು ಔಟ್‌ಗೆ ಎರಡು ಅಂಕ, ಜೊತೆಗೆ ಬಹಳ ಹೊತ್ತು ಔಟಾಗದೆ ಉಳಿದ ಬ್ಯಾಚ್‌ಗೆ ‘ಡ್ರೀಮ್ ರನ್’ ಅಂಕ. ಸಾಂಪ್ರದಾಯಿಕ ನಿಯಮದಂತೆ ಆಡುವ ಶಾಲಾ ಪಂದ್ಯದಲ್ಲಿ ಒಂದು ಔಟ್‌ಗೆ ಒಂದೇ ಅಂಕ, ಅದೂ ಬೆನ್ನಟ್ಟುವ ತಂಡಕ್ಕೆ. ಇದನ್ನು ಹೇಳದಿದ್ದರೆ ಅರ್ಧ ಜನ ಫಲಕವನ್ನು ಅನುಮಾನದಿಂದ ನೋಡುತ್ತಿರುತ್ತಾರೆ.

ಈಗ ಒಂದು ಪಂದ್ಯವನ್ನು ಊಹಿಸಿಕೊಳ್ಳೋಣ. ಕೆಂಪು ತಂಡ ಮೊದಲು ಬೆನ್ನಟ್ಟಿ 8 ಅಂಕ ಗಳಿಸಿತು. ನೀಲಿ ತಂಡ ತನ್ನ ಸರದಿಯಲ್ಲಿ 9 ಗಳಿಸಿತು. ಎರಡನೇ ಇನಿಂಗ್ಸ್‌ನಲ್ಲಿ ಕೆಂಪು ತಂಡ ಇನ್ನೂ 9 ಸೇರಿಸಿ ಒಟ್ಟು 17 ಮಾಡಿಕೊಂಡಿತು. ಉಳಿದಿರುವುದು ನೀಲಿ ತಂಡದ ಕೊನೆಯ ಸರದಿ. ಸಮಬಲಕ್ಕೆ 8 ಬೇಕು, ಗೆಲುವಿಗೆ 9. ಓಡುವ ತಂಡದಲ್ಲಿ ಇರುವುದೇ ಒಂಬತ್ತು ಜನ, ಇರುವುದೇ ಒಂಬತ್ತು ನಿಮಿಷ. ಅಂದರೆ ಸರಾಸರಿ ನಿಮಿಷಕ್ಕೊಬ್ಬರು ಔಟಾಗಬೇಕು. ಇಂಥ ಒಂದು ಅಳತೆಗೋಲು ಸಿಕ್ಕರೆ ಇಡೀ ಸರದಿಯನ್ನು ಅದರ ಮೇಲೆಯೇ ನಡೆಸಬಹುದು. ಮಕ್ಕಳಿಗೂ ಬೆರಳಲ್ಲಿ ಎಣಿಸಲು ಬರುತ್ತದೆ. ಸರದಿ ಶುರುವಾಗುವ ಮುಂಚಿನ ಬಿಡುವಿನಲ್ಲಿ ಇದನ್ನು ಪೂರ್ಣ ವಾಕ್ಯಗಳಲ್ಲಿ ಹೇಳಿ, ಇದನ್ನು ಬರೆದುಕೊಂಡೇ ಓದಬಹುದು:

‘ಕೆಂಪು ತಂಡ 17, ನೀಲಿ ತಂಡ 9. ಇದು ಪಂದ್ಯದ ಕೊನೆಯ ಸರದಿ. ನೀಲಿ ತಂಡ ಗೆಲ್ಲಬೇಕಾದರೆ ಕೆಂಪು ತಂಡದ ಒಂಬತ್ತೂ ಓಟಗಾರ್ತಿಯರನ್ನು ಒಂಬತ್ತು ನಿಮಿಷದೊಳಗೆ ಔಟ್ ಮಾಡಬೇಕು. ಎಂಟು ಜನರನ್ನು ಔಟ್ ಮಾಡಿದರೆ ಪಂದ್ಯ ಸಮಬಲ. ಕೆಂಪು ತಂಡದ ಮೊದಲ ಬ್ಯಾಚ್ ಅಂಕಣಕ್ಕೆ ಬರುತ್ತಿದೆ: ಎರಡು, ಐದು, ಹನ್ನೊಂದು.’

ಸರದಿ ಶುರುವಾದ ಮೇಲೆ ಮಾತು ತುಂಡಾಗಬೇಕು. ‘ನೀಲಿ ಆರು ಕಂಬದಿಂದ ಹೊರಟರು. ಕೆಂಪು ಐದರ ಹಿಂದೆ. ದಿಕ್ಕು ಗೇಟಿನ ಕಂಬ. ಈಗ ನೀಲಿ ಎರಡು ಓಟದಲ್ಲಿ. ಕೈ ಚಾಚಿದರು... ಔಟ್! ಕೆಂಪು ಐದು ಔಟ್. ನೀಲಿ 10. ಇನ್ನು ಎಂಟು ಬೇಕು, ಉಳಿದದ್ದು 7 ನಿಮಿಷ 50.’ ಔಟಿನ ನಂತರ ಈ ನಾಲ್ಕು ತುಣುಕು ಯಾವಾಗಲೂ ಇದೇ ಕ್ರಮದಲ್ಲಿ ಬರಲಿ: ಯಾರು, ಒಟ್ಟು ಎಷ್ಟು, ಇನ್ನೆಷ್ಟು ಬೇಕು, ಉಳಿದ ಸಮಯ. ಕ್ರಮ ಬದಲಾಗದಿದ್ದರೆ ಗದ್ದಲದಲ್ಲಿ ಒಂದು ಪದ ಕೇಳಿಸದೆ ಹೋದರೂ ಪ್ರೇಕ್ಷಕರು ಅದನ್ನು ತಾವೇ ತುಂಬಿಕೊಳ್ಳುತ್ತಾರೆ.

ಮೊದಲ ಬ್ಯಾಚಿನ ಇನ್ನಿಬ್ಬರು 7:10 ಮತ್ತು 6:20 ಉಳಿದಿರುವಾಗ ಔಟಾದರು ಎಂದಿಟ್ಟುಕೊಳ್ಳಿ. ಇಲ್ಲಿ ನಿಮಗೊಂದು ಸಣ್ಣ ಕಿಂಡಿ ಸಿಗುತ್ತದೆ. ಬ್ಯಾಚಿನ ಮೂರನೆಯವರನ್ನು ಔಟ್ ಮಾಡಿದ ಆಟಗಾರ್ತಿ ಒಳಗೆ ಬರುತ್ತಿರುವ ಹೊಸ ಬ್ಯಾಚನ್ನು ತಾನೇ ಬೆನ್ನಟ್ಟುವಂತಿಲ್ಲ, ಖೋ ಕೊಟ್ಟು ಕುಳಿತುಕೊಳ್ಳಬೇಕು. ಆ ಒಂದೆರಡು ಸೆಕೆಂಡಿನಲ್ಲಿ ಹೊಸ ಬ್ಯಾಚಿನ ಸಂಖ್ಯೆಗಳನ್ನು ಹೇಳಿಬಿಡಬೇಕು: ‘ಮೊದಲ ಬ್ಯಾಚ್ ಮುಗಿಯಿತು. ನೀಲಿ 12. ಬಂದವರು ಏಳು, ಎಂಟು, ಒಂದು. ಇನ್ನು ಆರು ಬೇಕು, 6 ನಿಮಿಷ 20.’ ನಿಮಿಷಕ್ಕೊಬ್ಬರೆಂಬ ಲೆಕ್ಕದಲ್ಲಿ ನೀಲಿ ತಂಡ 20 ಸೆಕೆಂಡು ಮುಂದಿದೆ ಎಂಬುದನ್ನು ಇಲ್ಲಿಯೇ ಹೇಳಲು ಹೋಗಬೇಡಿ, ಹೊಸ ಬ್ಯಾಚ್ ಸ್ವಲ್ಪ ಓಡಿ ಆಟ ಸ್ಥಿರವಾದ ಮೇಲೆ ಹೇಳಿ.

ಎರಡನೇ ಬ್ಯಾಚಿನ ಇಬ್ಬರು 5:25 ಮತ್ತು 4:40ರಲ್ಲಿ ಔಟಾಗುತ್ತಾರೆ. ಉಳಿದವಳು ಏಳನೇ ಸಂಖ್ಯೆ. ಇಲ್ಲಿ ಮಾತ್ರ ಓಟವನ್ನೇ ವಿವರಿಸಬೇಕು. ಆಕೆ ಸಿಂಗಲ್ ಚೈನ್ ಓಡುತ್ತಿದ್ದಾಳೆ, ಅಂದರೆ ಕುಳಿತಿರುವ ಪ್ರತಿ ಇಬ್ಬರ ನಡುವಿನಿಂದ ನುಸುಳಿ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಹಾವಿನಂತೆ ಸಾಗುತ್ತಿದ್ದಾಳೆ. ಓಟಗಾರ್ತಿ ಮಧ್ಯ ಪಟ್ಟಿಯನ್ನು ದಾಟಬಹುದು, ಬೆನ್ನಟ್ಟುವವಳು ದಾಟುವಂತಿಲ್ಲ. ಆದ್ದರಿಂದ ಆಕೆ ಬದಿ ಬದಲಿಸಿದಾಗಲೆಲ್ಲ ನೀಲಿ ತಂಡ ಖೋ ಕೊಡಲೇಬೇಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಬರೀ ಓಟವಾಗಿ ಕಾಣುವುದರ ಒಳಗಿನ ತಂತ್ರ ಇದು, ಒಂದೇ ಸಲ ಹೇಳಿದರೆ ಪ್ರೇಕ್ಷಕರ ಕಣ್ಣು ಅದನ್ನು ಹಿಡಿಯುತ್ತದೆ: ‘ಒಂಟಿ ಓಟಗಾರ್ತಿ, ಕೆಂಪು ಏಳು. ಸಿಂಗಲ್ ಚೈನ್. ಇಬ್ಬರ ನಡುವೆ ಒಳಗೆ, ಇಬ್ಬರ ನಡುವೆ ಹೊರಗೆ. ಬೆನ್ನಟ್ಟುವವರು ಪಟ್ಟಿ ದಾಟುವಂತಿಲ್ಲ. ಇನ್ನು ನಾಲ್ಕು ಬೇಕು, ಉಳಿದದ್ದು 3 ನಿಮಿಷ 40. ನೀಲಿ ತಂಡ ಈಗ ಲೆಕ್ಕಕ್ಕಿಂತ 20 ಸೆಕೆಂಡು ಹಿಂದೆ.’ ಇದುವರೆಗೆ ಮುಂದಿದ್ದ ತಂಡ ಹಿಂದೆ ಬಿದ್ದದ್ದು ಈ ಹುಡುಗಿಯ ಕಾಲಿನಿಂದ ಎಂಬುದು ನಿಮ್ಮ ವಿಶೇಷಣಗಳಿಲ್ಲದೆಯೇ ಕೇಳುಗರಿಗೆ ಮುಟ್ಟುತ್ತದೆ. ‘ಅದ್ಭುತ’, ‘ರೋಚಕ’ ಎಂಬ ಪದಗಳನ್ನು ನಾನು ಬಳಸುವುದೇ ಇಲ್ಲ. ಹತ್ತನೆಯ ‘ರೋಚಕ’ ಕೇಳುವ ಹೊತ್ತಿಗೆ ಮೊದಲನೆಯದರ ಬೆಲೆಯೂ ಹೋಗಿರುತ್ತದೆ.

3:10 ಉಳಿದಿರುವಾಗ ಏಳನೇ ಸಂಖ್ಯೆ ಔಟಾಗುತ್ತಾಳೆ. ಆಕೆ ಹೊರನಡೆಯುವಾಗ ‘ಎರಡನೇ ಬ್ಯಾಚ್ ನಿಂತದ್ದು 3 ನಿಮಿಷ 10 ಸೆಕೆಂಡು. ಅದರಲ್ಲಿ ಒಂದೂವರೆ ನಿಮಿಷ ಕೆಂಪು ಏಳು ಒಬ್ಬರೇ’ ಎಂದು ಹೇಳಿ. ಶಾಲಾ ಪಂದ್ಯದಲ್ಲಿ ಔಟಾದ ಮಗುವಿಗೆ ಸಲ್ಲಬೇಕಾದ ಗೌರವ ಆ ಅಂಕಿಯಲ್ಲೇ ಇದೆ. ಇದಕ್ಕೆ ವ್ಯತಿರಿಕ್ತವಾಗಿ, ಫೌಲ್ ಆದಾಗ ಮಗುವಿನ ಹೆಸರನ್ನೂ ಸಂಖ್ಯೆಯನ್ನೂ ಹೇಳಬೇಡಿ. ‘ನೀಲಿ ತಂಡದ ಫೌಲ್’ ಎಂದರೆ ಸಾಕು.

ಕೊನೆಯ ಬ್ಯಾಚ್: ಮೂರು, ಹತ್ತು, ನಾಲ್ಕು. 2:30ರಲ್ಲಿ ಒಬ್ಬಳು, 1:15ರಲ್ಲಿ ಇನ್ನೊಬ್ಬಳು ಔಟ್. ಈಗ 17-17. ಇಲ್ಲಿ ಎಷ್ಟೋ ನಿರೂಪಕರು ‘ಪಂದ್ಯ ಸಮಬಲ!’ ಎಂದು ಕೂಗಿ ಗೊಂದಲ ಮಾಡುತ್ತಾರೆ, ಪಂದ್ಯ ಮುಗಿಯಿತೆಂದು ಮಕ್ಕಳು ಅಂಕಣಕ್ಕೆ ನುಗ್ಗುವುದನ್ನೂ ನೋಡಿದ್ದೇನೆ. ಅಂಕ ಸಮವಾಗಿದೆ, ಪಂದ್ಯ ಸಮವಾಗಿಲ್ಲ. ಇಬ್ಬರಿಗೂ ಈಗ ಏನು ಬೇಕು ಎಂಬುದನ್ನು ಹೇಳಿ: ‘ಹದಿನೇಳು, ಹದಿನೇಳು. ಆಟ ನಡೆಯುತ್ತಿದೆ. ಅಂಕಣದಲ್ಲಿ ಕೆಂಪು ನಾಲ್ಕು ಒಬ್ಬರೇ. 1 ನಿಮಿಷ 15 ಸೆಕೆಂಡು ಔಟಾಗದೆ ಉಳಿದರೆ ಹೆಚ್ಚುವರಿ ಇನಿಂಗ್ಸ್. ಮುಟ್ಟಿದರೆ ನೀಲಿ ತಂಡದ ಗೆಲುವು.’

ಇದಾದ ಮೇಲೆ ಮಾತು ಇನ್ನೂ ಕಡಿಮೆಯಾಗಲಿ. ಸಮಯವನ್ನು 60, 45, 30ರಲ್ಲಿ ಮಾತ್ರ ಹೇಳಿ. ಹತ್ತರಿಂದ ಕೆಳಗೆ ಎಣಿಸಬೇಡಿ, ಏಕೆಂದರೆ ನಿಮ್ಮ ಗಡಿಯಾರ ಅಧಿಕೃತವಲ್ಲ. ನೀವು ಸೊನ್ನೆ ಎಂದಾಗ ಟೈಮ್ ಕೀಪರ್ ಬಳಿ ಎರಡು ಸೆಕೆಂಡು ಉಳಿದಿದ್ದರೆ ಓಟಗಾರ್ತಿ ನಿಂತುಬಿಡುತ್ತಾಳೆ. ಸರದಿ ಮುಗಿಯುವುದು ಸೀಟಿಯಿಂದ, ನಿಮ್ಮ ಎಣಿಕೆಯಿಂದಲ್ಲ.

50 ಸೆಕೆಂಡು ಉಳಿದಿರುವಾಗ ನೀಲಿ ತಂಡದವಳು ಕಟ್ಟಡದ ಕಂಬದ ಬಳಿ ಮುಟ್ಟಿದಂತೆ ಕಂಡಿತು, ಅರ್ಧ ಮೈದಾನ ಎದ್ದು ನಿಂತಿತು, ಆದರೆ ಆಕೆ ಅದಕ್ಕೆ ಮೊದಲೇ ಹಿಡಿದಿದ್ದ ದಿಕ್ಕನ್ನು ಬಿಟ್ಟು ಹಿಂದಕ್ಕೆ ತಿರುಗಿದ್ದರಿಂದ ಫೌಲ್ ಸೀಟಿ ಬಂದಿತ್ತು ಎನ್ನೋಣ. ಈ ಕ್ಷಣಕ್ಕೆ ಮಾತನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಇದು ಮಾತ್ರ ಪೂರ್ವಸಿದ್ಧವಾಗಿರಲೇಬೇಕು: ‘ಕೈ ಚಾಚಿದರು... ಸೀಟಿ. ಫೌಲ್. ಔಟ್ ಇಲ್ಲ. 17-17 ಹಾಗೆಯೇ ಇದೆ. ಆಟ ನಡೆಯುತ್ತಿದೆ.’ ಧ್ವನಿಯನ್ನು ಏರಿಸದೆ ಹೇಳಬೇಕು, ಅಂಪೈರ್ ತೀರ್ಪಿನ ಬಗ್ಗೆ ಅರ್ಧ ಪದವೂ ಬೇಡ. ಫೌಲ್ ಆದ ಬೆನ್ನಟ್ಟುವವಳು ಎದುರು ದಿಕ್ಕಿಗೆ ಹೋಗಬೇಕಾಗುವುದರಿಂದ ಓಟಗಾರ್ತಿಗೆ ಕೆಲವು ಸೆಕೆಂಡುಗಳ ಉಸಿರು ಸಿಗುತ್ತದೆ. ಗದ್ದಲ ಇಳಿದ ಮೇಲೆ ಅದನ್ನು ಹೇಳಬಹುದು.

ಮುಂದಿನ ಅರ್ಧ ನಿಮಿಷ ನಾನಾದರೆ ಹೀಗೆ ಹೇಳುತ್ತೇನೆ: ‘ಕೆಂಪು ನಾಲ್ಕು ಗೇಟಿನ ಕಂಬದತ್ತ. ನೀಲಿ ಒಂಬತ್ತು ಹಿಂದೆ. ಬದಿ ಬದಲಿಸಿದರು. ಈಗ ನೀಲಿ ಮೂರು. 30 ಸೆಕೆಂಡು. ಕಂಬ ಸುತ್ತಿದರು. ಈಗ ನೀಲಿ ಆರು. ಹತ್ತಿರ. ಇನ್ನೂ ಹತ್ತಿರ. ಕಂಬ ಹಿಡಿದು ಜಿಗಿದರು...’ ಇಲ್ಲಿ ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿಯಿರಿ. ಬೆನ್ನಟ್ಟುವವಳು ಒಂದು ಕೈಯಲ್ಲಿ ಕಂಬವನ್ನು ಹಿಡಿದು ಇಡೀ ಮೈಯನ್ನು ನೆಲದ ಮೇಲೆ ಚಾಚಿ ಇನ್ನೊಂದು ಕೈಯ ಬೆರಳ ತುದಿಯಿಂದ ಮುಟ್ಟುವ ಈ ಪೋಲ್ ಡೈವ್‌ನಲ್ಲಿ, ಮುಟ್ಟಿತೇ ಇಲ್ಲವೇ ಎಂಬುದು ನಿಮ್ಮ ಜಾಗದಿಂದ ಎಂದಿಗೂ ಸರಿಯಾಗಿ ಕಾಣುವುದಿಲ್ಲ. ಅಂಪೈರ್ ಕೈ ಮೇಲೆದ್ದ ಮೇಲೆ: ‘ಔಟ್! ಕೆಂಪು ನಾಲ್ಕು ಔಟ್. ನೀಲಿ 18, ಕೆಂಪು 17.’

ಇಲ್ಲಿಯೂ ‘ನೀಲಿ ತಂಡಕ್ಕೆ ಟ್ರೋಫಿ’ ಎನ್ನಲು ಇನ್ನೂ ಸಮಯವಾಗಿಲ್ಲ. ‘ಅಧಿಕಾರಿಗಳ ಘೋಷಣೆಗಾಗಿ ಕಾಯೋಣ, ಯಾರೂ ಅಂಕಣದೊಳಗೆ ಬರಬೇಡಿ’ ಎಂದು ಹೇಳಿ, ಮೈಕ್ ಕೆಳಗಿಟ್ಟು, ಸ್ಕೋರ್ ಪಟ್ಟಿಗೆ ರೆಫರಿಯ ಸಹಿ ಬೀಳುವವರೆಗೆ ಕಾಯಿರಿ. ಆನಂತರ ಫಲಿತಾಂಶವನ್ನು ಖೋ ಖೋದಲ್ಲಿ ಹೇಳುವ ರೀತಿಯಲ್ಲೇ ಹೇಳಬೇಕು. ಕೊನೆಯಲ್ಲಿ ಬೆನ್ನಟ್ಟಿದ ತಂಡ ಗೆದ್ದಾಗ ಅಂಕದ ಜೊತೆಗೆ ಉಳಿದ ಸಮಯವೂ ಫಲಿತಾಂಶದ ಭಾಗ: ‘ನೀಲಿ ತಂಡ ಒಂದು ಅಂಕದಿಂದ, 18 ಸೆಕೆಂಡು ಬಾಕಿ ಇರುವಾಗ ಪಂದ್ಯವನ್ನು ಗೆದ್ದಿದೆ. ನೀಲಿ ತಂಡ 9 ಮತ್ತು 9, ಒಟ್ಟು 18. ಕೆಂಪು ತಂಡ 8 ಮತ್ತು 9, ಒಟ್ಟು 17.’

ಕೆಂಪು ನಾಲ್ಕು ಆ 18 ಸೆಕೆಂಡನ್ನೂ ಕಳೆದಿದ್ದರೆ ಬೇಕಾಗುವ ಚೀಟಿಯನ್ನೂ ಮೊದಲೇ ಬರೆದಿಡಿ. ಅಂಕ ಸಮವಾಗಿ ಉಳಿದರೆ ಹೆಚ್ಚುವರಿ ಇನಿಂಗ್ಸ್ ಆಡಿಸುತ್ತಾರೆ. ಅದರಲ್ಲೂ ಸಮವಾದರೆ ಎರಡೂ ತಂಡಗಳಿಗೆ ಒಂದೊಂದು ಸರದಿ ಕೊಟ್ಟು, ಮೊದಲ ಅಂಕವನ್ನು ಯಾರು ಕಡಿಮೆ ಸಮಯದಲ್ಲಿ ಗಳಿಸುತ್ತಾರೆ ಎಂದು ನೋಡುತ್ತಾರೆ. ನಿಮ್ಮ ಪಂದ್ಯಾವಳಿಯಲ್ಲಿ ಇದನ್ನೇ ಪಾಲಿಸುತ್ತಾರೆಯೇ, ನಡುವಿನ ಬಿಡುವು ಎಷ್ಟು ಎಂಬುದನ್ನು ಬೆಳಿಗ್ಗೆಯೇ ರೆಫರಿಯವರಲ್ಲಿ ಕೇಳಿ ಆ ಚೀಟಿಯ ಮೇಲೆ ಬರೆದುಕೊಳ್ಳಿ. ಆ ಹೊತ್ತಿನಲ್ಲಿ ಓಡಿಹೋಗಿ ಕೇಳಲು ನಿಮಗೂ ಪುರುಸೊತ್ತಿರುವುದಿಲ್ಲ, ಅವರಿಗೂ ಇರುವುದಿಲ್ಲ.